ನಾಲ್ಕು ಜನ ಬರೆದ ಕತೆಯಲ್ಲಿ ಹೇಳುವವಳ ದನಿ ಒಡೆದಿದ್ದರೆ: ದೋಷ ಪತ್ತೆ ಮತ್ತು ದುರಸ್ತಿ

ಗುಂಪಿನಲ್ಲಿ ಸರದಿ ಪ್ರಕಾರ ಬರೆದ ಕತೆಯಲ್ಲಿ ಕಥಾವಸ್ತು ಸಾಮಾನ್ಯವಾಗಿ ನೆಟ್ಟಗೇ ಇರುತ್ತದೆ. ಏನಾಗಬೇಕು, ಯಾರು ಬರಬೇಕು, ಎಲ್ಲಿ ಮುಗಿಯಬೇಕು ಅಂತ ಎಲ್ಲರೂ ಮೊದಲೇ ಕೂತು ಮಾತಾಡಿರುತ್ತಾರೆ. ಮಾತಾಡದೆ ಉಳಿಯುವುದು ಒಂದೇ: ಈ ಕತೆಯನ್ನು ಹೇಳುತ್ತಿರುವವರು ಯಾರು, ಅವರು ಹೇಗೆ ಮಾತಾಡುತ್ತಾರೆ. ಬೆಂಗಳೂರಿನ ಬರಹಗಾರರ ಗುಂಪುಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ, ಯಾಕೆಂದರೆ ಒಂದೇ ಮೇಜಿನ ಸುತ್ತ ಹುಬ್ಬಳ್ಳಿಯವರು, ಪುತ್ತೂರಿನವರು, ಮೈಸೂರಿನವರು ಕೂತಿರುತ್ತಾರೆ. ಪ್ರತಿಯೊಬ್ಬರ ಕನ್ನಡವೂ ಅವರವರ ಮಟ್ಟಿಗೆ ಸರಿಯೇ. ಒಬ್ಬಳೇ ಹೆಂಗಸಿನ ಬಾಯಲ್ಲಿ ಎಲ್ಲವೂ ಬಂದಾಗ ಮಾತ್ರ ತಪ್ಪಾಗುತ್ತದೆ.

ಉದಾಹರಣೆಗೆ ಉದ್ದಕ್ಕೂ ಒಂದೇ ಕತೆ ಇಟ್ಟುಕೊಳ್ಳೋಣ. ಚಾಮರಾಜಪೇಟೆಯ ಹಳೆಯ ಅಚ್ಚುಕೂಟವೊಂದನ್ನು ಮಾರುವ ದಿನ. ಹೇಳುತ್ತಿರುವವಳು ಮಾಲೀಕನ ಮಗಳು, ಐವತ್ತರ ಆಸುಪಾಸಿನ ಶಾಲಾ ಶಿಕ್ಷಕಿ, ಹುಟ್ಟಿ ಬೆಳೆದದ್ದು ಅದೇ ಬೀದಿಯಲ್ಲಿ. ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರಗಳನ್ನು ಜೋಡಿಸುವ ಕಂಪಾಸಿಟರ್ ರಾಮಣ್ಣ ಮೂವತ್ತು ವರ್ಷದಿಂದ ಅಲ್ಲಿದ್ದಾರೆ. ಕತೆ ಸುಮಾರು 3,200 ಪದ, ನಾಲ್ಕು ಲೇಖಕರು, ತಲಾ 800 ಪದ.

ಕೈ ಹಾಕುವ ಮುಂಚೆ

ಮೂಲ ಪ್ರತಿಯನ್ನು ಮುಟ್ಟಬೇಡಿ. ಅದರ ನಕಲು ತೆಗೆದು, ಫೈಲಿನ ಹೆಸರಿನಲ್ಲೇ ತಾರೀಖು ಹಾಕಿ, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಯಾವ ಭಾಗ ಯಾರದು ಅನ್ನುವುದನ್ನು ಅಂಚಿನಲ್ಲಿ ೧, ೨, ೩, ೪ ಅಂತ ಗುರುತು ಮಾಡಿಕೊಳ್ಳಿ. ಒಮ್ಮೆ ತಿದ್ದಲು ಶುರು ಮಾಡಿದ ಮೇಲೆ ಗಡಿಗಳು ಅಳಿಸಿಹೋಗುತ್ತವೆ, ಆಮೇಲೆ ಯಾವ ತೊಂದರೆ ಎಲ್ಲಿಂದ ಬಂತು ಅಂತ ಹುಡುಕುವುದು ಕಷ್ಟ.

ಯಾರಾದರೂ ತಮ್ಮ ಭಾಗವನ್ನು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಕಳಿಸಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇಲ್ಲದಿದ್ದರೆ ಮುಂದೆ ಹೇಳುವ ಪದ ಹುಡುಕಾಟ ಆ ಭಾಗದಲ್ಲಿ ಕೆಲಸವನ್ನೇ ಮಾಡುವುದಿಲ್ಲ, ಆ ಭಾಗ ಶುದ್ಧವಾಗಿದೆ ಅನ್ನುವ ತಪ್ಪು ನಂಬಿಕೆ ಬರುತ್ತದೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಲ್ಲಿ ನೋಡಿ. ಕೆಡುವುದು ಹೆಚ್ಚಾಗಿ ಅಲ್ಲೇ.

ಲಕ್ಷಣ: ಓದುವಾಗ ಎಲ್ಲೋ ತಡೆಯುತ್ತದೆ, ಎಲ್ಲಿ ಅಂತ ಹೇಳಲು ಆಗುವುದಿಲ್ಲ

ಖರ್ಚಿಲ್ಲದ ಪರೀಕ್ಷೆ ಗಟ್ಟಿಯಾಗಿ ಓದುವುದು. ಇಡೀ ಕತೆ ಬೇಡ. ಒಬ್ಬರ ಭಾಗ ಮುಗಿದು ಇನ್ನೊಬ್ಬರದು ಶುರುವಾಗುವ ಬೆಸುಗೆಯ ಜಾಗದಲ್ಲಿ ಮೇಲೆ ಹತ್ತು ಸಾಲು, ಕೆಳಗೆ ಹತ್ತು ಸಾಲು ಓದಿದರೆ ಸಾಕು. ನಾಲ್ಕು ಭಾಗಕ್ಕೆ ಬೆಸುಗೆ ಮೂರೇ. ಬೆಸುಗೆ ದಾಟಿದ ಮೊದಲ ಎರಡು ವಾಕ್ಯದಲ್ಲೇ ನಾಲಿಗೆ ಎಡವಿದರೆ ತೊಂದರೆ ಕ್ರಿಯಾಪದದ ಕೊನೆಯಲ್ಲೋ, ಗೌರವದ ರೂಪದಲ್ಲೋ ಇದೆ. ಅದನ್ನು ಸರಿಮಾಡುವುದು ಸುಲಭ. ಅಲ್ಲಿ ಏನೂ ಆಗದೆ, ಒಂದು ಪುಟ ಕಳೆದ ಮೇಲೆ "ಇವಳು ಬೇರೆ ಯಾರೋ" ಅನ್ನಿಸಿದರೆ ದೋಷ ಆಳದಲ್ಲಿದೆ. ಆಕೆಗೆ ಏನು ಗೊತ್ತು, ಅವಳ ಕಣ್ಣು ಎಲ್ಲಿ ಹೋಗುತ್ತದೆ ಅನ್ನುವುದೇ ಬದಲಾಗಿರುತ್ತದೆ.

ಇನ್ನೂ ಅನುಮಾನವಿದ್ದರೆ ಪ್ರತಿ ಭಾಗದಿಂದ ಸಂಭಾಷಣೆ ಇಲ್ಲದ ಮೂರು ಪ್ಯಾರಾ ಆರಿಸಿ, ಹನ್ನೆರಡನ್ನೂ ಬೇರೆ ಬೇರೆ ಚೀಟಿಯಲ್ಲಿ ಮುದ್ರಿಸಿ, ಕಲಸಿ, ಕತೆ ಓದದ ಒಬ್ಬರ ಕೈಗೆ ಕೊಡಿ. "ಒಬ್ಬರೇ ಮಾತಾಡಿದ ಹಾಗೆ ಇರುವುದನ್ನು ಒಟ್ಟಿಗೆ ಇಡಿ" ಅಂತ ಮಾತ್ರ ಹೇಳಿ. ಎಷ್ಟು ಗುಡ್ಡೆ ಅಂತ ಹೇಳಬೇಡಿ. ಮೂರು ಲೇಖಕರದು ಬೆರೆತು, ಒಬ್ಬರದು ಮಾತ್ರ ಬೇರೆ ಬಿದ್ದರೆ ಆ ಒಂದು ಭಾಗವನ್ನು ತಿದ್ದಿದರೆ ಸಾಕು. ಚೀಟಿಗಳು ನಾಲ್ಕು ಗುಡ್ಡೆಯಾಗಿ, ಲೇಖಕರ ಪ್ರಕಾರವೇ ವಿಂಗಡವಾದರೆ ತೇಪೆ ಹಾಕುವ ಯೋಚನೆ ಬಿಡಿ. ಒಂದು ಭಾಗವನ್ನು ಮಾದರಿ ಅಂತ ಇಟ್ಟುಕೊಂಡು ಉಳಿದದ್ದನ್ನು ಹೊಸದಾಗಿ ಹೇಳಬೇಕಾಗುತ್ತದೆ.

ಮಾದರಿ ಯಾವುದಾಗಬೇಕು? ಚೆನ್ನಾಗಿ ಬರೆದದ್ದೇ ಆಗಬೇಕಿಲ್ಲ. ಆ ದನಿಯಲ್ಲಿ ಕತೆಯ ಅತಿ ಕಷ್ಟದ ದೃಶ್ಯವನ್ನು ಹೇಳಲು ಸಾಧ್ಯವೇ ಅಂತ ನೋಡಿ. ನಮ್ಮ ಕತೆಯಲ್ಲಿ ಅದು ಅಪ್ಪ ಬೀಗದಕೈ ಕೊಡುವ ಗಳಿಗೆ. ಒಂದೊಂದು ಭಾಗದ ದನಿಯಲ್ಲೂ ಆ ದೃಶ್ಯದ ಐದು ವಾಕ್ಯ ಬರೆದು ನೋಡಿ. ಎರಡನೆಯ ಭಾಗದ ಅಲಂಕಾರದ ಗದ್ಯದಲ್ಲಿ ಅದು ಭಾಷಣವಾಗುತ್ತದೆ. ಮೊದಲ ಭಾಗದ ಚಿಕ್ಕ ವಾಕ್ಯಗಳಲ್ಲಿ ನಿಲ್ಲುತ್ತದೆ. ಹಾಗಾಗಿ ಮೊದಲನೆಯದೇ ಮಾದರಿ.

ಲಕ್ಷಣ: "ಅಪ್ಪ ಬಂದ" ಅಂದವಳು ಮುಂದಿನ ಪುಟದಲ್ಲಿ "ತಂದೆಯವರು ಬಂದರು" ಅನ್ನುತ್ತಾಳೆ

ಕನ್ನಡ ಕತೆಯಲ್ಲಿ ದನಿ ಒಡೆಯುವ ಮೊದಲ ಜಾಗ ಇದು. ಓದುಗರಿಗೆ ಬೇಗ ತಟ್ಟುವುದೂ ಇದೇ. ಏಕವಚನವೋ ಬಹುವಚನವೋ ಅನ್ನುವುದರಲ್ಲಿ ಮನೆಯ ವಾತಾವರಣ, ಸಲಿಗೆ, ಅಂತಸ್ತು, ತಲೆಮಾರು ಎಲ್ಲವೂ ಸೇರಿಕೊಂಡಿದೆ. ಮೊದಲ ಭಾಗ ಹೀಗಿದೆ:

"ಅಪ್ಪ ಬೀಗ ತೆಗೆದ. ಒಳಗೆ ಮಸಿ, ಸೀಮೆಎಣ್ಣೆ ವಾಸನೆ. ನಾನು ಬಾಗಿಲಲ್ಲೇ ನಿಂತೆ."

ಎರಡನೆಯ ಭಾಗ:

"ತಂದೆಯವರು ಮೊಳೆಗಳ ಪೆಟ್ಟಿಗೆಯ ಮುಂದೆ ಕುಳಿತು ತಮ್ಮ ಗತವೈಭವವನ್ನು ಸ್ಮರಿಸುತ್ತಿದ್ದರು."

ಇವರಿಬ್ಬರೂ ಒಬ್ಬಳೇ ಮಗಳಾಗಲು ಸಾಧ್ಯವಿಲ್ಲ. ಮೊದಲು ಕತೆಯಲ್ಲಿರುವ ಪ್ರತಿಯೊಬ್ಬರ ಹೆಸರು ಬರೆದು, ಮಗಳು ಅವರನ್ನು ಏನೆಂದು ಕರೆಯುತ್ತಾಳೆ, ಯಾವ ವಚನದಲ್ಲಿ ಹೇಳುತ್ತಾಳೆ, ಎದುರಿಗಿದ್ದಾಗ ನೀನೋ ನೀವೋ ಅಂತ ತೀರ್ಮಾನಿಸಿ. ಅಪ್ಪ ಏಕವಚನ, ಎದುರಿಗೆ ನೀನು. ರಾಮಣ್ಣ ಬಹುವಚನ, ಎದುರಿಗೆ ನೀವು. ಮಷಿನ್ ಕೊಳ್ಳಲು ಬಂದವನು ಏಕವಚನ, ಎದುರಿಗೆ ಮಾತ್ರ ನೀವು. ಈ ಮೂರು ಸಾಲಿನಲ್ಲೇ ಹೆಂಗಸಿನ ಮುಕ್ಕಾಲು ಸ್ವಭಾವ ಬಂದುಬಿಟ್ಟಿದೆ: ಅಪ್ಪನ ಹತ್ತಿರ ಸಲಿಗೆ, ಕೆಲಸದವರಾದರೂ ಹಿರಿಯರಿಗೆ ಮರ್ಯಾದೆ, ಕೊಳ್ಳಲು ಬಂದವನಿಗೆ ಬಾಯಲ್ಲಿ ಕೊಟ್ಟ ಗೌರವ ಮನಸ್ಸಿನಲ್ಲಿ ಇಲ್ಲ. ಲೇಖಕರೆಲ್ಲ ಒಪ್ಪಿದ ಮೇಲೆ ಇದನ್ನು ಅರ್ಧ ಪುಟದ ಚೀಟಿ ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಮುಂದಿನ ತೀರ್ಮಾನಗಳೂ ಅದರಲ್ಲೇ ಸೇರಲಿ.

ತಿದ್ದುವಾಗ ಕ್ರಿಯಾಪದ ಒಂದನ್ನೇ ಬದಲಿಸಿ ಬಿಡುವುದು ಸಾಮಾನ್ಯ ತಪ್ಪು. "ಅಪ್ಪ ತಮ್ಮ ಕನ್ನಡಕ ಹುಡುಕಿದ" ಅಂತ ಉಳಿದುಹೋಗುತ್ತದೆ. ಬಂದರು ಬಂದ ಆದಾಗ ಅವರು ಅವನು ಆಗಬೇಕು, ತಮ್ಮ ತನ್ನ ಆಗಬೇಕು, ಬಂದವರು ಬಂದವನು ಆಗಬೇಕು.

ಎಚ್ಚರಿಕೆ: ಎಲ್ಲವನ್ನೂ ಒಂದೇ ಸಲ ಬದಲಿಸುವ ಗುಂಡಿಯನ್ನು ಇಲ್ಲಿ ಒತ್ತಲೇಬೇಡಿ. "ತಮ್ಮ" ಒಡಹುಟ್ಟಿದವನೂ ಹೌದು. "ಅವರ" ಅನ್ನುವುದನ್ನು "ಅವನ" ಮಾಡಲು ಹೋದರೆ ರಾಮಣ್ಣನಿಗೆ ಕೊಟ್ಟ ಮರ್ಯಾದೆಯೂ ಹೋಗುತ್ತದೆ, ಊಟದ ದೃಶ್ಯದ ಅವರೆಕಾಳು ಅವನೆಕಾಳು ಆಗಿ ಕೂರಬಹುದು. ಒಂದೊಂದನ್ನೇ ನೋಡಿ ಬದಲಿಸಿ.

ವಚನ ಬದಲಾದ ಕಡೆಯೆಲ್ಲ ದೋಷವೇ ಅಂತಲೂ ಅಲ್ಲ. ಕೊಳ್ಳಲು ಬಂದವನ ಎದುರು ಮಗಳು "ನಮ್ಮ ತಂದೆಯವರು ಒಪ್ಪಿದ್ದಾರೆ" ಅಂದರೆ ಅದು ಸಂಭಾಷಣೆ, ಹೊರಗಿನವನ ಮುಂದೆ ಹಾಗೇ ಹೇಳುವುದು. ಅದನ್ನು ಮುಟ್ಟಬೇಡಿ. ದುರಸ್ತಿ ಬೇಕಿರುವುದು ಆಕೆ ನಮಗೆ ಹೇಳುವ ಮಾತಿಗೆ ಮಾತ್ರ.

ಲಕ್ಷಣ: ಅರ್ಧ ಕತೆ ಪುಸ್ತಕದ ಹಾಗೆ, ಅರ್ಧ ಮಾತಿನ ಹಾಗೆ

"ಎಂದು" ಮತ್ತು "ಅಂತ" ಎರಡನ್ನೂ ಹುಡುಕಿ, ಪ್ರತಿ ಭಾಗದಲ್ಲೂ ಎಷ್ಟೆಷ್ಟು ಅಂತ ಬರೆದುಕೊಳ್ಳಿ. ಒಂದು ಭಾಗದಲ್ಲಿ ಬರೀ "ಎಂದು", ಇನ್ನೊಂದರಲ್ಲಿ ಬರೀ "ಅಂತ" ಇದ್ದರೆ ಬಿರುಕು ಎಲ್ಲಿ ಅಂತ ಅಲ್ಲೇ ಗೊತ್ತಾಯಿತು. ಹುಡುಕುವಾಗ ಎರಡು ತೊಡಕು ಬರುತ್ತವೆ. "ಅಂತ" ಹುಡುಕಿದರೆ ಅಂತರ, ಅಂತಸ್ತು, ಅಂತೂ ಎಲ್ಲ ಎದ್ದು ಬರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. "ಎಂದು" ಹುಡುಕಿದರೆ ಸಂಧಿಯಾಗಿ ಅಡಗಿದವು ಸಿಗುವುದೇ ಇಲ್ಲ. "ಬರುವುದಿಲ್ಲವೆಂದು", "ಮಾರುತ್ತಾರೆಂದು" ಇವನ್ನು ಹಿಡಿಯಲು "ವೆಂದು", "ರೆಂದು", "ನೆಂದು", "ದೆಂದು" ಅಂತ ಬೇರೆ ಬೇರೆಯಾಗಿ ಹುಡುಕಬೇಕು. ಪುಸ್ತಕದ ಗದ್ಯ ಬರೆಯುವವರ ಭಾಗದಲ್ಲಿ ಹೆಚ್ಚು ಇರುವುದು ಈ ಸಂಧಿಯಾದವೇ.

ಕ್ರಿಯಾಪದದ್ದೂ ಇದೇ ಕತೆ. ಮಾಡುತ್ತಿದ್ದ ಅಥವಾ ಮಾಡ್ತಿದ್ದ, ಕುಳಿತು ಅಥವಾ ಕೂತು, ಹೊರಟೆನು ಅಥವಾ ಹೊರಟೆ. ನಮ್ಮ ಮಗಳಿಗೆ ಗೊತ್ತುಮಾಡಿದ್ದು: "ಅಂತ", "ಕೂತು", "ಹೊರಟೆ", ಆದರೆ "ಮಾಡುತ್ತಿದ್ದ". ಪೂರ್ತಿ ಆಡುಮಾತಿಗೆ ಇಳಿಸಿ "ಮಾಡ್ತಿದ್ದ" ಬರೆದರೆ 3,200 ಪದ ಓದುವುದು ಕಣ್ಣಿಗೆ ಆಯಾಸ. ಜೊತೆಗೆ, ಸಂಭಾಷಣೆಗೂ ನಿರೂಪಣೆಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಇದು ರುಚಿಯ ಮಾತು, ಬೇರೆ ಗುಂಪು ಬೇರೆ ತೀರ್ಮಾನ ಮಾಡಬಹುದು. ಮಾಡಿದ ಮೇಲೆ ಮೊದಲಿಂದ ಕೊನೆಯವರೆಗೆ ಅದೇ ಇರಬೇಕು, ಅಷ್ಟೇ.

ಮಾತು ಬದಲಿಸಿದ ಮೇಲೂ ವಾಕ್ಯದ ಕಟ್ಟು ಹಳೆಯದೇ ಉಳಿಯುತ್ತದೆ. "ಅಪ್ಪ ಮೊಳೆಪೆಟ್ಟಿಗೆ ಮುಂದೆ ಕೂತು ತನ್ನ ಗತವೈಭವವನ್ನು ನೆನೆಯುತ್ತಿದ್ದ" ಅಂದರೆ ವಚನ ಸರಿಯಾಯಿತು, ದನಿ ಸರಿಯಾಗಲಿಲ್ಲ. ಗತವೈಭವ ಅನ್ನುವುದು ಈ ಹೆಂಗಸು ನೋಡಿದ್ದಲ್ಲ, ಲೇಖಕರ ತೀರ್ಪು. ಹೀಗೆ ಸಿಕ್ಕಿಹಾಕಿಕೊಂಡಾಗ ವಾಕ್ಯವನ್ನು ತಿದ್ದುವುದು ನಿಲ್ಲಿಸಿ. ಮೂಲ ಪುಟ ಮುಚ್ಚಿ, ಅಲ್ಲಿ ಏನಾಗುತ್ತದೆ ಅನ್ನುವುದನ್ನಷ್ಟೇ ನೆನಪಿಟ್ಟುಕೊಂಡು, ಮಾದರಿ ಭಾಗವನ್ನು ಒಮ್ಮೆ ಓದಿ, ಹೊಸದಾಗಿ ಬರೆಯಿರಿ:

"ಅಪ್ಪ ಮೊಳೆಪೆಟ್ಟಿಗೆ ಮುಂದೆ ಕೂತ. ಒಂದು ಮನೆಯಿಂದ ‘ಕ’ ತೆಗೆದ, ಬೆರಳಲ್ಲಿ ಉಜ್ಜಿ ನೋಡಿದ, ಅದೇ ಮನೆಗೆ ಹಾಕಿದ."

ಲಕ್ಷಣ: ಹೇಳುವವಳು ಒಂದು ಪುಟದಲ್ಲಿ ಚಾಮರಾಜಪೇಟೆಯವಳು, ಇನ್ನೊಂದರಲ್ಲಿ ಕರಾವಳಿಯವಳು

ಮೂರನೆಯ ಭಾಗದಲ್ಲಿ "ಮೂಲೆಯಲ್ಲಿ ಒಂದು ಹಳೆಯ ಸ್ಟೂಲು ಉಂಟು, ರಾಮಣ್ಣ ಅದರಲ್ಲೇ ಕೂತುಕೊಳ್ಳುವುದು" ಅಂತ ಇದೆ. ಕೇಳಲು ಇಂಪಾದ ಕನ್ನಡ, ಆದರೆ ದಕ್ಷಿಣ ಕನ್ನಡದ್ದು. ಇಲ್ಲಿ "ಉಂಟು" ಅನ್ನುವುದನ್ನು "ಇದೆ" ಮಾಡಿ ಬಿಟ್ಟರೆ ಸಾಲದು. "ಕೂತುಕೊಳ್ಳುವುದು" ಅಂತ ವಾಕ್ಯ ಮುಗಿಸುವುದು, "ಅದರಲ್ಲಿ" ಅನ್ನುವುದು ಎರಡೂ ಆ ಕಡೆಯ ಧಾಟಿ. "ರಾಮಣ್ಣ ಕೂರುತ್ತಿದ್ದದ್ದು ಅದರ ಮೇಲೇ" ಅಂತ ಪೂರ್ತಿ ವಾಕ್ಯ ಬದಲಾಗಬೇಕು.

ಹೀಗೆ ಮಾಡುವಾಗ ಒಂದು ನಷ್ಟವಿದೆ, ಅದನ್ನು ಕಡಿಮೆ ಮಾಡಿಕೊಳ್ಳಬಹುದು. ಆ ಲೇಖಕರ ಕನ್ನಡವನ್ನು ಪೂರ್ತಿ ಅಳಿಸುವ ಬದಲು ಕತೆಯಲ್ಲಿ ಅದಕ್ಕೆ ಹಕ್ಕಿರುವ ಬಾಯಿ ಇದೆಯೇ ಅಂತ ನೋಡಿ. ಮಷಿನ್ ಬಿಚ್ಚಲು ಬಂದ ಮೆಕ್ಯಾನಿಕ್ ಪುತ್ತೂರು ಕಡೆಯವನಾದರೆ "ಇದಕ್ಕೆ ಇನ್ನೂ ಜೀವ ಉಂಟು ಮಾರಾಯ್ರೆ" ಅನ್ನುವ ಮಾತು ಅವನ ಬಾಯಲ್ಲಿ ಸಹಜ. ನಿರೂಪಣೆ ಒಂದೇ ಊರಿನದಾಗಲಿ, ಸಂಭಾಷಣೆ ಹತ್ತು ಊರಿನದಾಗಲಿ.

ನೆಂಟಸ್ತಿಕೆಯ ಪದಗಳನ್ನೂ ಈ ಸುತ್ತಿನಲ್ಲೇ ನೋಡಿ. ಅಮ್ಮ, ಅವ್ವ, ಆಯಿ ಮೂರೂ ಒಬ್ಬಳೇ ತಾಯಿಗೆ ಬಂದಿರುವುದು ಸರದಿ ಕತೆಗಳಲ್ಲಿ ಅಪರೂಪವೇನಲ್ಲ.

ಲಕ್ಷಣ: ಆಕೆ ಇಲ್ಲದ ಜಾಗದಲ್ಲಿ ಆದದ್ದೂ ಆಕೆಗೆ ಗೊತ್ತು

ಇದು ಕಣ್ಣಿಗೆ ಬೀಳುವುದು ತಡ, ಸರಿಮಾಡುವುದು ಕಷ್ಟ. ವ್ಯಾಕರಣವೆಲ್ಲ ಸರಿಯಿದ್ದೂ ದನಿ ನಂಬಲಾಗದೆ ಹೋಗುತ್ತದೆ. ನಾಲ್ಕನೆಯ ಭಾಗ:

"ರಾಮಣ್ಣ ಮನೆಗೆ ಹೋಗುತ್ತಾನೆ. ರಾತ್ರಿಯಿಡೀ ನಿದ್ದೆ ಬರುವುದಿಲ್ಲ. ಮೂವತ್ತು ವರ್ಷದ ಋಣ ಇವತ್ತಿಗೆ ಹರಿಯಿತಲ್ಲ ಎಂದು ಕೊರಗುತ್ತಾನೆ."

ಏಕವಚನ, "ಎಂದು": ಎರಡನ್ನೂ ಹಿಂದಿನ ಸುತ್ತುಗಳಲ್ಲಿ ಹಿಡಿದಿರುತ್ತೀರಿ, ವರ್ತಮಾನ ಕಾಲವನ್ನು ಮುಂದಿನ ಸುತ್ತಿನಲ್ಲಿ ಹಿಡಿಯುತ್ತೀರಿ. ಉಳಿಯುವ ಪ್ರಶ್ನೆ, ರಾಮಣ್ಣನ ಮನೆಯ ರಾತ್ರಿ ಮಗಳಿಗೆ ಹೇಗೆ ಗೊತ್ತು? ಈ ಲೇಖಕರು ಇದು ಮಗಳು "ನಾನು" ಅಂತ ಹೇಳುವ ಕತೆ ಅನ್ನುವುದನ್ನು ಮರೆತು, ಎಲ್ಲರ ಮನಸ್ಸಿನೊಳಗೂ ಹೋಗಬಲ್ಲ ನಿರೂಪಕರಾಗಿಬಿಟ್ಟಿದ್ದಾರೆ. ಪತ್ತೆ ಮಾಡಲು ಬೇರೆ ಬಣ್ಣದ ಪೆನ್ನು ಹಿಡಿದು, ಮಗಳನ್ನು ಬಿಟ್ಟು ಉಳಿದವರ ವಿಷಯದಲ್ಲಿ ಬಂದ "ಅನ್ನಿಸಿತು", "ನೆನಪಾಯಿತು", "ಕೊರಗಿದ", "ಅಂದುಕೊಂಡ" ಇವುಗಳ ಕೆಳಗೆಲ್ಲ ಗೆರೆ ಎಳೆಯಿರಿ. ಪ್ರತಿ ಗೆರೆಯ ಪಕ್ಕದಲ್ಲೂ "ಇವಳಿಗೆ ಹೇಳಿದವರು ಯಾರು?" ಅಂತ ಕೇಳಿ. ಉತ್ತರ ಕತೆಯಲ್ಲೇ ಇರಬೇಕು.

ಇಲ್ಲದಿದ್ದರೆ ಮೂರು ದಾರಿ. ಮೊದಲನೆಯದು ಕೇಳಿದ ಮಾತು ಮಾಡುವುದು, ಕನ್ನಡದಲ್ಲಿ ಇದಕ್ಕೆ "ಅಂತೆ" ಇದ್ದೇ ಇದೆ: "ರಾಮಣ್ಣ ಆ ರಾತ್ರಿ ಕಣ್ಣು ಮುಚ್ಚಲಿಲ್ಲವಂತೆ. ಗಾಂಧಿಬಜಾರಲ್ಲಿ ಅವರ ಹೆಂಡತಿ ಸಿಕ್ಕಾಗ ಹೇಳಿದರು." ಎರಡನೆಯದು ಊಹೆ: "ರಾಮಣ್ಣನಿಗೆ ಆ ರಾತ್ರಿ ನಿದ್ದೆ ಬಂದಿರಲಾರದು." ಮೂರನೆಯದು ಕಂಡದ್ದಕ್ಕೆ ನಿಲ್ಲುವುದು:

"ಬೆಳಿಗ್ಗೆ ರಾಮಣ್ಣ ಬಂದಾಗ ಕಣ್ಣು ಕೆಂಪಗಿತ್ತು. ಕೇಳಿದ್ದಕ್ಕೆ ಸೀಮೆಎಣ್ಣೆ ಕೈ ತಾಗಿತು ಅಂದರು."

ಈ ಕತೆಗೆ ಮೂರನೆಯದೇ ಸರಿ. "ಅಂತೆ" ಹಾಕಿದರೆ ಕತೆಯ ಹೊರಗೆ ಇನ್ನೊಂದು ಭೇಟಿಯನ್ನು ಕಟ್ಟಬೇಕು, ಮಾರಾಟದ ಒಂದೇ ದಿನದಲ್ಲಿ ನಡೆಯುವ ಕತೆ ಸಡಿಲವಾಗುತ್ತದೆ. ಊಹೆ ಒಂದೆರಡು ಸಲ ಚೆನ್ನ, ಹೆಚ್ಚಾದರೆ ಆಕೆ ಎಲ್ಲರ ಬಗ್ಗೆ ಅನುಮಾನ ಹೇಳಿಕೊಂಡು ತಿರುಗುವವಳಾಗುತ್ತಾಳೆ. ಮೂರನೆಯದರಲ್ಲಿ ಮೊಳೆ ತೊಳೆಯುವ ಸೀಮೆಎಣ್ಣೆ ಮೊದಲ ಸಾಲಿನ ವಾಸನೆಯ ಜೊತೆ ತಾನಾಗಿ ಸೇರಿಕೊಳ್ಳುತ್ತದೆ, ರಾಮಣ್ಣನ ಸಂಕೋಚವೂ ಬರುತ್ತದೆ. ಮಾರಾಟದ ದಿನದ ಬೆಳಿಗ್ಗೆಗೇ ಈ ದೃಶ್ಯವನ್ನು ತಂದುಕೊಂಡರೆ ಕಾಲದ ತೊಡಕೂ ಇಲ್ಲ. ಮೂಲದಲ್ಲಿದ್ದ "ಋಣ ಹರಿಯಿತು" ಬೇಕೇಬೇಕು ಅಂತ ಲೇಖಕರು ಹೇಳಿದರೆ, ಅದನ್ನು ರಾಮಣ್ಣನೇ ಬಾಯಿಬಿಟ್ಟು ಹೇಳುವ ಜಾಗ ಹುಡುಕಿ.

ಲಕ್ಷಣ: ಕಾಲ ಜಿಗಿಯುತ್ತದೆ

ಮಗಳು ಯಾವ ದಿನದಲ್ಲಿ ನಿಂತು ಹೇಳುತ್ತಿದ್ದಾಳೆ ಅನ್ನುವುದನ್ನು ಆ ಅರ್ಧ ಪುಟದ ಚೀಟಿಯಲ್ಲಿ ಬರೆಯಿರಿ. ಮಾರಾಟವಾಗಿ ಒಂದು ವರ್ಷದ ಮೇಲೆ ಅಂತಾದರೆ "ನಾಳೆ ಲಾರಿ ಬರುತ್ತದೆ" ಅನ್ನುವುದು "ಮಾರನೆಯ ದಿನ ಲಾರಿ ಬಂತು" ಆಗಬೇಕು, "ಇವತ್ತು" ಅನ್ನುವುದು "ಅವತ್ತು". ಇಲ್ಲಿ, ಅಲ್ಲಿ ಅನ್ನುವುದನ್ನೂ ನೋಡಿ: ಅಚ್ಚುಕೂಟ ಈಗ ಅವಳದಲ್ಲ, "ಇಲ್ಲಿ" ಅನ್ನುವ ಹಾಗಿಲ್ಲ. ಹೆಚ್ಚು ಹೊತ್ತು ಹಿಡಿಯುವ ಕೆಲಸವಲ್ಲ.

ಲಕ್ಷಣ: ಎಲ್ಲ ಸರಿಮಾಡಿದ ಮೇಲೆ ಕತೆ ಸಪ್ಪೆಯಾಗಿದೆ

ಅತಿಯಾಗಿ ತಿದ್ದಿದ್ದೀರಿ. ದನಿ ಒಂದಾಗಬೇಕು ಅಂದರೆ ವಾಕ್ಯಗಳೆಲ್ಲ ಒಂದೇ ಉದ್ದ ಇರಬೇಕು ಅಂತ ಅಲ್ಲ. ಒಬ್ಬಳೇ ಹೆಂಗಸು ಸಿಟ್ಟಿನಲ್ಲಿ ಚುಟುಕಾಗಿ ಮಾತಾಡುತ್ತಾಳೆ, ಹಳೆಯದನ್ನು ನೆನೆಯುವಾಗ ಉದ್ದಕ್ಕೆ ಹೋಗುತ್ತಾಳೆ. ಮೂಲ ಪ್ರತಿ ತೆಗೆದು, ಪ್ರತಿ ಲೇಖಕರ ಭಾಗದಲ್ಲೂ ಅವರಷ್ಟೇ ನೋಡಬಲ್ಲ ಒಂದೆರಡು ವಿವರ ಹುಡುಕಿ, ಅದು ತಿದ್ದಿದ ಪ್ರತಿಯಲ್ಲಿ ಉಳಿದಿದೆಯೇ ಅಂತ ಪರಿಶೀಲಿಸಿ. ಎರಡನೆಯ ಲೇಖಕರ ಗದ್ಯ ಹೋಯಿತು ಸರಿ, ಆದರೆ ಕಂಪಾಸಿಟರುಗಳು ಅಕ್ಷರವನ್ನು ತಿರುಗುಮುರುಗಾಗಿ ಓದಬಲ್ಲರು ಅಂತ ಅವರು ತಂದದ್ದು ಹೋಗಿದ್ದರೆ ಅದನ್ನು ಮಗಳ ಮಾತಿನಲ್ಲಿ ವಾಪಸು ತನ್ನಿ: "ನಾನು ತಿರುಗುಮುರುಗು ಅಕ್ಷರ ಓದಲು ಕಲಿತದ್ದು ರಾಮಣ್ಣನ ಪಕ್ಕ ಕೂತು."

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ದನಿ ಸರಿಮಾಡಲು ಹೋಗಿ ಘಟನೆಯನ್ನೇ ಬದಲಿಸಬೇಕಾಗಿ ಬಂದರೆ ಅಲ್ಲಿ ನಿಲ್ಲಿ. ಅದು ಒಬ್ಬರು ತೀರ್ಮಾನಿಸುವ ವಿಷಯವಲ್ಲ, ನಾಲ್ವರೂ ಕೂರಬೇಕು. ಹೇಳುವವಳ ಊರಿನ ಮಾತು ತಿದ್ದುವವರಿಗೆ ಬಾರದಿದ್ದರೂ ನಿಲ್ಲಿಸಿ. ಧಾರವಾಡದ ಹೆಂಗಸಿನ ದನಿಯನ್ನು ಬೆಂಗಳೂರಿನವರು "ಐತಿ", "ಹೋಗ್ಯಾನ" ಸೇರಿಸಿ ಕಟ್ಟಿದರೆ ಆ ಕಡೆಯ ಓದುಗರು ಮೊದಲ ಪ್ಯಾರಾದಲ್ಲೇ ಹಿಡಿಯುತ್ತಾರೆ. ಆ ಊರಿನಲ್ಲಿ ಬೆಳೆದವರು ಒಬ್ಬರು ಪೂರ್ತಿ ಓದಿ ತಿದ್ದಲಿ. ತಿದ್ದಿ ತಿದ್ದಿಯೂ ಚೀಟಿಗಳು ನಾಲ್ಕು ಗುಡ್ಡೆಯಾಗಿಯೇ ಬಿದ್ದರೆ, ಮಗಳು, ರಾಮಣ್ಣ, ಮೆಕ್ಯಾನಿಕ್, ಕೊಳ್ಳಲು ಬಂದವನು ಹೀಗೆ ನಾಲ್ವರು ಹೇಳುವ ಕತೆಯಾಗಿ ಅದನ್ನು ಕಟ್ಟಬಹುದೇ ಅಂತ ಗುಂಪಿನಲ್ಲಿ ಕೇಳಿ. ಆಗ ಒಡಕೇ ಕತೆಯ ಆಕಾರವಾಗುತ್ತದೆ.

ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರ 57ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಬೇರೆಯವರಿಗೆ ಕೊಟ್ಟ ಮೇಲೂ, ತನ್ನ ಮಾನಕ್ಕೆ ಕುಂದು ಬರುವ ಹಾಗೆ ಬರಹವನ್ನು ತಿರುಚಿದರೆ ಲೇಖಕರು ಆಕ್ಷೇಪಿಸಬಹುದು. ತಿದ್ದಿದ ಪ್ರತಿಯನ್ನು ಮೂಲದ ಪಕ್ಕದಲ್ಲಿಟ್ಟು ನಾಲ್ವರಿಗೂ ಕಳಿಸಿ, ಒಂದು ವಾರ ಸಮಯ ಕೊಡಿ. ಯಾರಾದರೂ "ಇದು ನನ್ನದಲ್ಲ" ಅಂದರೆ ಅವರ ಭಾಗವನ್ನು ಅವರೇ ಚೀಟಿ ನೋಡಿಕೊಂಡು ಮತ್ತೆ ಹೇಳಲಿ. ಅದು ಬಂದ ಮೇಲೆ ಆ ಭಾಗದ ಎರಡೂ ಬದಿಯ ಬೆಸುಗೆಯನ್ನು ಮಾತ್ರ ಇನ್ನೊಮ್ಮೆ ಗಟ್ಟಿಯಾಗಿ ಓದಿದರೆ ಸಾಕು.